ಪಟ್ಟಿ ಯಾರದು, ಪೆನ್ನು ಯಾರದು: ಸೆಕ್ಯೂರ್ ಬೂಟ್‌ನ ನಾಲ್ಕು ದಾಖಲೆಗಳು

ಕಂಪ್ಯೂಟರಿನ ಫರ್ಮ್‌ವೇರ್ ಸೆಟಪ್ಪಿಗೆ ಹೋಗಿ ಸೆಕ್ಯೂರ್ ಬೂಟ್ ಪುಟದಲ್ಲಿ `Key Management` ತೆರೆದರೆ ಬಹಳಷ್ಟು ಮದರ್‌ಬೋರ್ಡುಗಳಲ್ಲಿ ನಾಲ್ಕು ಸಾಲುಗಳು ಒಂದರ ಕೆಳಗೊಂದು ಕಾಣುತ್ತವೆ: `Platform Key`, `Key Exchange Keys`, `Authorized Signatures`, `Forbidden Signatures`. ಪಕ್ಕದಲ್ಲಿ ಪ್ರತಿಯೊಂದರ ಗಾತ್ರ, ಒಳಗೆ ಎಷ್ಟು ಕೀಗಳಿವೆ ಎಂಬ ಲೆಕ್ಕ. ಫರ್ಮ್‌ವೇರ್ ತನ್ನೊಳಗೆ ಇವುಗಳನ್ನು `PK`, `KEK`, `db`, `dbx` ಎಂಬ ಹೆಸರಿನಲ್ಲಿ ಇಟ್ಟುಕೊಂಡಿರುತ್ತದೆ. ಒಂದೇ ಪುಟದಲ್ಲಿ ಒಂದೇ ಅಚ್ಚಿನಲ್ಲಿ ಕಾಣುವುದರಿಂದ ಇವು ಒಂದೇ ಬಾಗಿಲಿಗೆ ಹಾಕಿದ ನಾಲ್ಕು ಬೀಗಗಳೆಂದೇ ಹೆಚ್ಚಿನವರು ಭಾವಿಸುತ್ತಾರೆ. ಪ್ಲಾಟ್‌ಫಾರ್ಮ್ ಕೀಯಿಂದಲೇ ವಿಂಡೋಸ್‌ಗೆ ಸಹಿ ಬಿದ್ದಿರುತ್ತದೆ ಎಂದು ನಂಬಿದ ಸಿಸ್ಟಮ್ ಅಡ್ಮಿನ್‌ಗಳೂ ಕಡಿಮೆಯಿಲ್ಲ.

ನಿಜಕ್ಕೂ ಇವು ಎರಡೆರಡರ ಎರಡು ಜೋಡಿ. ಅನುಮತಿ ಪಟ್ಟಿ ಮತ್ತು ನಿಷೇಧ ಪಟ್ಟಿ, ಅಂದರೆ `db` ಮತ್ತು `dbx`, ಯಂತ್ರ ಶುರುವಾದಾಗಲೆಲ್ಲ ಓದಲ್ಪಡುವಂಥವು. ಯಾವ ಬೂಟ್‌ಲೋಡರ್ ಓಡಬೇಕು, ಯಾವುದು ಓಡಬಾರದು ಎಂದು ಹೇಳುವುದು ಅವೆರಡೇ. `PK` ಮತ್ತು `KEK` ಎಂಬ ಇನ್ನೆರಡಕ್ಕೆ ಆ ಗಳಿಗೆಯಲ್ಲಿ ಕೆಲಸವೇ ಇಲ್ಲ. ಬೂಟ್‌ಲೋಡರ್ ಮೇಲಿನ ಸಹಿಯನ್ನು ಪರೀಕ್ಷಿಸುವಾಗ ಫರ್ಮ್‌ವೇರ್ ಅವುಗಳ ಕಡೆ ತಿರುಗಿಯೂ ನೋಡುವುದಿಲ್ಲ. ಯಾರಾದರೂ ಆ ಪಟ್ಟಿಗಳನ್ನು ತಿದ್ದಲು ಬಂದಾಗ, 'ತಿದ್ದುವ ಹಕ್ಕು ನಿನಗಿದೆಯೇ' ಎಂದು ಕೇಳುವುದಕ್ಕಷ್ಟೇ ಅವು ಬೇಕು.

ಮತಗಟ್ಟೆಯಲ್ಲಿ ಹೆಸರು ಹುಡುಕುವವರು ಕೈಲಿರುವ ಮತದಾರರ ಪಟ್ಟಿಯನ್ನು ಮಾತ್ರ ನೋಡುತ್ತಾರೆ. ಹೆಸರು ಸೇರಿಸುವ, ತೆಗೆಯುವ ಅಧಿಕಾರ ನೋಂದಣಿ ಅಧಿಕಾರಿಯದು, ಅವರು ಮತಗಟ್ಟೆಯ ಬಾಗಿಲಲ್ಲಿ ನಿಂತಿರುವುದಿಲ್ಲ. ಆ ಅಧಿಕಾರಿಯನ್ನು ನೇಮಿಸುವ ಆಯೋಗ ಇನ್ನೂ ದೂರದಲ್ಲಿರುತ್ತದೆ. ಪ್ಲಾಟ್‌ಫಾರ್ಮ್ ಕೀ ಆಯೋಗದ ಜಾಗದಲ್ಲಿದೆ, ಕೀ ಎಕ್ಸ್‌ಚೇಂಜ್ ಕೀ ನೋಂದಣಿ ಅಧಿಕಾರಿಯ ಜಾಗದಲ್ಲಿದೆ. ಒಂದೇ ವ್ಯತ್ಯಾಸವೆಂದರೆ ಇಲ್ಲಿ ಆಯೋಗವನ್ನು ನಡೆಸುವುದು ಯಂತ್ರ ತಯಾರಿಸಿದ ಕಂಪನಿ, ನೋಂದಣಿ ಅಧಿಕಾರಿಗಳಲ್ಲಿ ಮುಖ್ಯವಾದದ್ದು ಮೈಕ್ರೋಸಾಫ್ಟ್.

ಈ ವ್ಯವಸ್ಥೆ 2011ರಲ್ಲಿ ಬಂದ ಯುಇಎಫ್‌ಐ 2.3.1 ಆವೃತ್ತಿಯಲ್ಲಿ ರೂಪ ಪಡೆಯಿತು. 2012ರಲ್ಲಿ ವಿಂಡೋಸ್ 8ರ ಜತೆ ಮನೆಮನೆಯ ಲ್ಯಾಪ್‌ಟಾಪುಗಳಿಗೆ ತಲುಪಿತು. ಪಠ್ಯಗಳಲ್ಲಿ ಇದನ್ನು ಯಾವಾಗಲೂ ಮೇಲಿನಿಂದ ಕೆಳಕ್ಕೆ ವಿವರಿಸುತ್ತಾರೆ: ಪ್ಲಾಟ್‌ಫಾರ್ಮ್ ಕೀ `KEK`ಗೆ ಅಧಿಕಾರ ಕೊಡುತ್ತದೆ, `KEK` ಪಟ್ಟಿಗಳಿಗೆ ಎಂದು. ನನಗೆ ಕೆಳಗಿನಿಂದ ಮೇಲಕ್ಕೆ ಹೋಗುವುದೇ ಸರಿಯೆನಿಸುತ್ತದೆ. ಕಳೆದ ಕೆಲವು ವರ್ಷಗಳ ಗೊಂದಲಗಳೆಲ್ಲ ಹುಟ್ಟಿದ್ದು ತೀರ ಕೆಳಗಿರುವ ನಿಷೇಧ ಪಟ್ಟಿಯಲ್ಲಿ. ಅಲ್ಲಿಂದ ಒಂದೊಂದೇ ಮೆಟ್ಟಿಲು ಹತ್ತಿ ಅವು ಪ್ಲಾಟ್‌ಫಾರ್ಮ್ ಕೀಯವರೆಗೂ ಹೋಗಿ ನಿಂತವು.

ಮೊದಲು ಪರೀಕ್ಷೆಯ ಕ್ರಮ. ಬೂಟ್‌ಲೋಡರ್ ಎದುರಿಗೆ ಬಂದಾಗ ಫರ್ಮ್‌ವೇರ್ ಅದರ ಹ್ಯಾಷ್ ಲೆಕ್ಕ ಹಾಕುತ್ತದೆ. ಆ ಹ್ಯಾಷ್ ನಿಷೇಧ ಪಟ್ಟಿಯಲ್ಲಿದ್ದರೆ ಮಾತು ಅಲ್ಲಿಗೇ ಮುಗಿಯಿತು. ಬೂಟ್‌ಲೋಡರಿಗೆ ಸಹಿ ಹಾಕಿದ ಸರ್ಟಿಫಿಕೇಟ್ ನಿಷೇಧ ಪಟ್ಟಿಯಲ್ಲಿದ್ದರೂ ಅಷ್ಟೇ. ಅವೆರಡೂ ಅಲ್ಲವಾದರೆ ಮಾತ್ರ ಅನುಮತಿ ಪಟ್ಟಿಯ ಸರದಿ: ಸಹಿ ಅಲ್ಲಿರುವ ಯಾವುದಾದರೂ ಸರ್ಟಿಫಿಕೇಟಿಗೆ ತಾಳೆಯಾಗಬೇಕು, ಇಲ್ಲವೇ ಫೈಲಿನ ಹ್ಯಾಷೇ ಅಲ್ಲಿ ಬರೆದಿರಬೇಕು. ಎರಡೂ ಪಟ್ಟಿಯಲ್ಲಿ ಹೆಸರಿದ್ದರೆ ಗೆಲ್ಲುವುದು ನಿಷೇಧವೇ. ಈ ಒಂದು ನಿಯಮದಿಂದಾಗಿಯೇ ನಿಷೇಧ ಪಟ್ಟಿ ಅಷ್ಟು ಬಲವಾದದ್ದು, ಅಷ್ಟೇ ಅಪಾಯಕಾರಿಯೂ ಹೌದು.

ಇಲ್ಲಿ ಹೇಳುವ ಹ್ಯಾಷ್ ಎಂದರೆ ಇಡೀ ಫೈಲಿನ ಹ್ಯಾಷ್ ಅಲ್ಲ. ಫೈಲಿನೊಳಗೆ ಸಹಿ ಇರುವ ಭಾಗವನ್ನೂ ಚೆಕ್‌ಸಮ್ ಇರುವ ಜಾಗವನ್ನೂ ಬಿಟ್ಟು ಉಳಿದದ್ದರ ಮೇಲೆ ಲೆಕ್ಕ ಹಾಕುತ್ತಾರೆ. ಲಿನಕ್ಸ್‌ನಲ್ಲಿ `sha256sum` ಕೊಡುವ ಸಂಖ್ಯೆಯನ್ನು ಹಿಡಿದುಕೊಂಡು ನಿಷೇಧ ಪಟ್ಟಿಯಲ್ಲಿ ಹುಡುಕಿ, 'ನನ್ನ ಬೂಟ್‌ಲೋಡರ್ ಅದರಲ್ಲಿ ಇಲ್ಲ' ಎಂದು ನಿಟ್ಟುಸಿರು ಬಿಟ್ಟರೆ ಆ ನೆಮ್ಮದಿಗೆ ಆಧಾರವಿಲ್ಲ. ಅಂಥ ಹುಡುಕಾಟದಲ್ಲಿ ಅದು ಎಂದಿಗೂ ಸಿಗುವುದಿಲ್ಲ.

ನಿಷೇಧ ಪಟ್ಟಿಯ ನಿಜವಾದ ಇತಿಮಿತಿ ಜಗತ್ತಿಗೆ ಗೊತ್ತಾದದ್ದು 2020ರ ಜುಲೈಯಲ್ಲಿ. ಲಿನಕ್ಸ್ ಬಳಸುವ ಗ್ರಬ್ ಎಂಬ ಬೂಟ್‌ಲೋಡರಿನಲ್ಲಿ ಎಕ್ಲಿಪ್ಸಿಯಂ ಎಂಬ ಭದ್ರತಾ ಸಂಸ್ಥೆ ಒಂದು ದೋಷ ಕಂಡುಹಿಡಿಯಿತು. ಬೂಟ್‌ಹೋಲ್ ಎಂದು ಹೆಸರಾದ ಇದರ ದಾಖಲೆ ಸಂಖ್ಯೆ ಸಿವಿಇ-2020-10713. ಗ್ರಬ್ ತನ್ನ ಸೆಟ್ಟಿಂಗುಗಳನ್ನು `grub.cfg` ಎಂಬ ಪಠ್ಯ ಕಡತದಿಂದ ಓದುತ್ತದೆ, ಆ ಕಡತಕ್ಕೆ ಸಹಿ ಇರುವುದಿಲ್ಲ. ಅದರಲ್ಲಿ ಬೇಕೆಂದೇ ಅತಿ ಉದ್ದದ ಪದವೊಂದನ್ನು ತುರುಕಿದರೆ ಗ್ರಬ್‌ನ ಮೆಮೊರಿ ಉಕ್ಕಿ, ದಾಳಿಕೋರ ತನಗೆ ಬೇಕಾದ ಕೋಡ್ ಓಡಿಸಬಹುದಾಗಿತ್ತು. ಬೂಟ್‌ಲೋಡರಿನ ಸಹಿ ಸರಿಯಾಗಿಯೇ ಇರುತ್ತದೆ, ಸೆಕ್ಯೂರ್ ಬೂಟ್ ಆನ್ ಆಗಿಯೇ ಇರುತ್ತದೆ, ಒಳಗೆ ಮಾತ್ರ ಕಳ್ಳ ಕೂತಿರುತ್ತಾನೆ.

ಗ್ರಬ್‌ನ ಹೊಸ ಆವೃತ್ತಿ ಬಂದರೆ ಸಮಸ್ಯೆ ತೀರಿತಲ್ಲ ಎನ್ನಿಸಬಹುದು. ತೀರುವುದಿಲ್ಲ, ಏಕೆಂದರೆ ಹಳೆಯ ಗ್ರಬ್‌ನ ಸಹಿ ಇನ್ನೂ ಚಾಲ್ತಿಯಲ್ಲಿದೆ. ದಾಳಿಕೋರ ಅದನ್ನು ಜೇಬಿನಲ್ಲಿಟ್ಟುಕೊಂಡು ಬಂದು ಲಿನಕ್ಸ್ ಮುಖವನ್ನೇ ಕಾಣದ ವಿಂಡೋಸ್ ಲ್ಯಾಪ್‌ಟಾಪಿನಲ್ಲೂ ಓಡಿಸಬಲ್ಲ. ಆದ್ದರಿಂದ ದೋಷವಿದ್ದ ಹಳೆಯ ಪ್ರತಿಗಳನ್ನೆಲ್ಲ ಹುಡುಕಿ ನಿಷೇಧ ಪಟ್ಟಿಗೆ ಸೇರಿಸಬೇಕಾಯಿತು. 64 ಬಿಟ್ ಇಂಟೆಲ್ ಮಾದರಿಯ ಯಂತ್ರಗಳಿಗೆ 150 ಹ್ಯಾಷ್‌ಗಳು, 3 ಸರ್ಟಿಫಿಕೇಟುಗಳು. ಒಂದು ಹ್ಯಾಷ್ ನಮೂದಿಗೆ 48 ಬೈಟ್ ಬೇಕು: ಹ್ಯಾಷ್‌ಗೆ 32, ಯಾರು ಸೇರಿಸಿದರು ಎಂಬ ಗುರುತಿಗೆ 16. ಎಲ್ಲ ಸೇರಿ ಸುಮಾರು 10 ಕಿಲೋಬೈಟ್. ಈ ಕಾಲದಲ್ಲಿ ಅದೇನು ಮಹಾ ಎನ್ನುವಂತಿಲ್ಲ. ಈ ಪಟ್ಟಿಗಳು ಇರುವುದು ಮದರ್‌ಬೋರ್ಡಿನ ಫ್ಲ್ಯಾಶ್ ಚಿಪ್ಪಿನ ಒಂದು ಮೂಲೆಯಲ್ಲಿ, ಅಲ್ಲಿ ನಿಷೇಧ ಪಟ್ಟಿಗೆ ಸಾಮಾನ್ಯವಾಗಿ ಸಿಗುವ ಜಾಗ 32 ಕಿಲೋಬೈಟ್. ಒಂದೇ ಘಟನೆ ಅದರ ಮೂರನೇ ಒಂದು ಭಾಗವನ್ನು ನುಂಗಿತ್ತು.

ಲಿನಕ್ಸ್ ಲೋಕ ಇದಕ್ಕೆ ಕಂಡುಕೊಂಡ ದಾರಿ ಎಸ್‌ಬ್ಯಾಟ್. ಪ್ರತಿ ಹಳೆಯ ಪ್ರತಿಯ ಹ್ಯಾಷ್ ಬರೆಯುವ ಬದಲು ಬೂಟ್‌ಲೋಡರಿನೊಳಗೇ ಒಂದು ತಲೆಮಾರಿನ ಸಂಖ್ಯೆ ಇಟ್ಟು, 'ಗ್ರಬ್‌ನಲ್ಲಿ ಇಷ್ಟನೇ ತಲೆಮಾರಿಗಿಂತ ಹಿಂದಿನದು ಬೇಡ' ಎಂದು ಒಂದೇ ಸಾಲಿನಲ್ಲಿ ಹೇಳುವ ಉಪಾಯ. 2021ರಿಂದ ಬಳಕೆಯಲ್ಲಿದೆ. ಇದನ್ನು ಪರಿಶೀಲಿಸುವುದು ಫರ್ಮ್‌ವೇರ್ ಅಲ್ಲ, ಲಿನಕ್ಸ್‌ನ ಮೊದಲ ಹಂತದ ಶಿಮ್ ಎಂಬ ಪುಟ್ಟ ಬೂಟ್‌ಲೋಡರ್. ಹಾಗಾಗಿ ನಮ್ಮ ನಾಲ್ಕು ದಾಖಲೆಗಳ ಹೊರಗಿನ ವಿಷಯ ಅದು. ಇಲ್ಲಿ ಅದನ್ನು ಎತ್ತಿದ್ದು ನಿಷೇಧ ಪಟ್ಟಿಯ ಜಾಗ ಎಷ್ಟು ಇಕ್ಕಟ್ಟಾಗಿತ್ತು ಎಂದು ತೋರಿಸಲಷ್ಟೇ.

ವಿಂಡೋಸ್‌ಗೂ ಇದೇ ಗತಿ ಬಂತು. ಬ್ಲ್ಯಾಕ್‌ಲೋಟಸ್ ಎಂಬ ಬೂಟ್‌ಕಿಟ್ ಬಗ್ಗೆ ಇಸೆಟ್ ಸಂಸ್ಥೆ 2023ರ ಮಾರ್ಚ್‌ನಲ್ಲಿ ವಿವರವಾಗಿ ಬರೆಯಿತು. ಅದು ಬಳಸುತ್ತಿದ್ದ ದೋಷವನ್ನು ಮೈಕ್ರೋಸಾಫ್ಟ್ 2022ರ ಜನವರಿಯಲ್ಲೇ ಸರಿಪಡಿಸಿತ್ತು. ಆದರೂ ಎಲ್ಲ ಅಪ್‌ಡೇಟ್ ಹಾಕಿಕೊಂಡ ವಿಂಡೋಸ್ 11ರ ಮೇಲೂ ಬ್ಲ್ಯಾಕ್‌ಲೋಟಸ್ ಕೆಲಸ ಮಾಡುತ್ತಿತ್ತು. ಅದು ತನ್ನ ಜತೆ ಹಳೆಯ, ದೋಷವಿದ್ದ ವಿಂಡೋಸ್ ಬೂಟ್ ಮ್ಯಾನೇಜರನ್ನೇ ಹೊತ್ತು ತರುತ್ತಿತ್ತು. ಆ ಫೈಲಿಗೆ ಮೈಕ್ರೋಸಾಫ್ಟ್‌ನದೇ ಸಹಿ, ನಿಷೇಧ ಪಟ್ಟಿಯಲ್ಲಿ ಅದರ ಹ್ಯಾಷ್ ಇಲ್ಲ. ಹಾಕೋಣವೆಂದರೆ ಒಂದು ದಶಕದಲ್ಲಿ ಬಿಡುಗಡೆಯಾದ ಬೂಟ್ ಮ್ಯಾನೇಜರ್‌ಗಳು ಅಷ್ಟಿಷ್ಟಲ್ಲ, ಅವೆಲ್ಲಕ್ಕೂ 32 ಕಿಲೋಬೈಟಿನಲ್ಲಿ ಜಾಗವೆಲ್ಲಿ? ಉಳಿದದ್ದು ಒಂದೇ ದಾರಿ: ಒಂದೊಂದೇ ಫೈಲನ್ನು ಬಿಟ್ಟು, ಅವೆಲ್ಲಕ್ಕೂ ಸಹಿ ಹಾಕಿದ್ದ `Windows Production PCA 2011` ಎಂಬ ಸರ್ಟಿಫಿಕೇಟನ್ನೇ ನಿಷೇಧ ಪಟ್ಟಿಗೆ ಸೇರಿಸುವುದು. ಒಂದೇ ನಮೂದು, ಹಳೆಯದೆಲ್ಲ ಹೊರಗೆ.

ಆದರೆ ಅದೇ ಸರ್ಟಿಫಿಕೇಟ್ ಆಗಿನ ವಿಂಡೋಸ್ ಬೂಟ್ ಆಗಲೂ ಆಧಾರವಾಗಿತ್ತು. ಅದನ್ನು ನಿಷೇಧಿಸುವ ಮುನ್ನ ಬೇರೊಂದನ್ನು ಅನುಮತಿ ಪಟ್ಟಿಗೆ ಸೇರಿಸಿರಬೇಕು. ಹೀಗೆ ಸಮಸ್ಯೆ ಒಂದು ಮೆಟ್ಟಿಲು ಮೇಲೇರಿತು.

ಸಾಮಾನ್ಯ ಲ್ಯಾಪ್‌ಟಾಪಿನ ಅನುಮತಿ ಪಟ್ಟಿಯಲ್ಲಿ ಬೆರಳೆಣಿಕೆಯ ನಮೂದುಗಳಿರುತ್ತವೆ. ವಿಂಡೋಸ್‌ಗೆ ಮೇಲೆ ಹೇಳಿದ ಸರ್ಟಿಫಿಕೇಟ್. ಮೈಕ್ರೋಸಾಫ್ಟ್ ಬೇರೆಯವರ ಸಾಫ್ಟ್‌ವೇರಿಗೆ ಸಹಿ ಹಾಕಲು ಬಳಸುವ `Microsoft Corporation UEFI CA 2011`. ಕೆಲವೊಮ್ಮೆ ತಯಾರಕರ ಸ್ವಂತದ್ದೊಂದು. ಎರಡನೆಯದರ ಬಲದಿಂದಲೇ ಉಬುಂಟು, ಫೆಡೋರಾ ಮೊದಲಾದವುಗಳ ಶಿಮ್ ಬಹುತೇಕ ಯಂತ್ರಗಳಲ್ಲಿ ಬೂಟ್ ಆಗುವುದು. ಬೂಟ್‌ಹೋಲ್‌ನ ಹಳೆಯ ಗ್ರಬ್‌ಗಳು ಎಲ್ಲೆಡೆ ಓಡಬಲ್ಲವಾಗಿದ್ದುದಕ್ಕೂ ಅದೇ ಕಾರಣ. ಆ ಸರ್ಟಿಫಿಕೇಟಿಗೆ ಇನ್ನೊಂದು ಕೆಲಸವೂ ಇದೆ, ಇದನ್ನು ಮರೆತವರು ಪಾಡು ಪಡುತ್ತಾರೆ. ಗ್ರಾಫಿಕ್ಸ್ ಕಾರ್ಡಿನಂಥ ಹೊರಗಿನ ಕಾರ್ಡುಗಳಲ್ಲಿ ಆಪ್ಷನ್ ರಾಮ್ ಎಂಬ ಪುಟ್ಟ ಪ್ರೋಗ್ರಾಂ ಇರುತ್ತದೆ, ಫರ್ಮ್‌ವೇರ್ ಅದನ್ನೂ ಬೂಟ್‌ಲೋಡರಿನಂತೆಯೇ ಪರೀಕ್ಷಿಸಿ ಓಡಿಸುತ್ತದೆ. ಅದರ ಮೇಲಿರುವುದೂ ಹೆಚ್ಚಾಗಿ ಇದೇ ಸಹಿ. ಮೈಕ್ರೋಸಾಫ್ಟ್ ಸಹವಾಸವೇ ಬೇಡವೆಂದು ಅನುಮತಿ ಪಟ್ಟಿಯಲ್ಲಿ ತನ್ನ ಕೀ ಮಾತ್ರ ಇಟ್ಟುಕೊಂಡವನ ಯಂತ್ರದಲ್ಲಿ ಗ್ರಾಫಿಕ್ಸ್ ಕಾರ್ಡಿನ ರಾಮ್ ತಿರಸ್ಕೃತವಾಗಿ ಪರದೆ ಕಪ್ಪಾಗಬಹುದು, ಆಗ ಸೆಟಪ್ಪಿಗೆ ಹೋಗಿ ಸರಿಪಡಿಸಲೂ ಕಣ್ಣಿಗೆ ಏನೂ ಕಾಣುವುದಿಲ್ಲ. ಸ್ವಂತ ಕೀ ಹಾಕಿಕೊಳ್ಳಲು ಲಿನಕ್ಸ್‌ನಲ್ಲಿರುವ ಎಸ್‌ಬಿಸಿಟಿಎಲ್ ಸಲಕರಣೆ ಮೈಕ್ರೋಸಾಫ್ಟ್ ಸರ್ಟಿಫಿಕೇಟುಗಳನ್ನೂ ಜತೆಗಿಡಲು ಒಂದು ಆಯ್ಕೆ ಕೊಟ್ಟಿರುವುದು ಇದಕ್ಕೇ:

```
sbctl create-keys
sbctl enroll-keys -m
```

ಹೊಸ ವಿಂಡೋಸ್ ಸರ್ಟಿಫಿಕೇಟ್ `Windows UEFI CA 2023`. ಅದನ್ನು ಕೋಟ್ಯಂತರ ಯಂತ್ರಗಳ ಅನುಮತಿ ಪಟ್ಟಿಗೆ ಸೇರಿಸುವುದು ಹೇಗೆ? ಫರ್ಮ್‌ವೇರ್ ಈ ಪಟ್ಟಿಗಳನ್ನು ಸಾಮಾನ್ಯ ಸೆಟ್ಟಿಂಗಿನಂತೆ ತಿದ್ದಲು ಬಿಡುವುದಿಲ್ಲ. ಸೇರಿಸಬೇಕಾದ ಮಾಹಿತಿ, ಒಂದು ದಿನಾಂಕ, ಅವೆರಡರ ಮೇಲೆ ಒಂದು ಸಹಿ ಇವೆಲ್ಲ ಒಂದೇ ಕಟ್ಟಾಗಿ ಬರಬೇಕು. ಆ ಸಹಿ `KEK`ಯಲ್ಲಿರುವ ಯಾವುದಾದರೂ ಒಂದು ಸರ್ಟಿಫಿಕೇಟಿಗೆ ತಾಳೆಯಾದರೆ ಮಾತ್ರ ಬರವಣಿಗೆ. ದಿನಾಂಕ ಇರುವುದು ಹಳೆಯ ಕಟ್ಟನ್ನು ಮತ್ತೆ ತಂದು ಪಟ್ಟಿಯನ್ನು ಹಿಂದಕ್ಕೆ ತಿರುಗಿಸದಂತೆ ತಡೆಯಲು. ಪಟ್ಟಿಯನ್ನೇ ಬದಲಿಸುವ ಕಟ್ಟಿನ ದಿನಾಂಕ ಹಿಂದಿನದಕ್ಕಿಂತ ಹೊಸದಾಗಿರಬೇಕು. ಇರುವುದಕ್ಕೆ ಸೇರಿಸುವುದಷ್ಟೇ ಆದರೆ ಆ ಬಿಗಿ ಇಲ್ಲ, ಯಾಕೆಂದರೆ ಸೇರಿಸಿದ್ದನ್ನೇ ಮತ್ತೆ ಸೇರಿಸಿದರೆ ನಷ್ಟವೇನಿಲ್ಲ.

ಬಹುತೇಕ ಎಲ್ಲ ಪಿಸಿಗಳ `KEK`ಯಲ್ಲೂ `Microsoft Corporation KEK CA 2011` ಇರುತ್ತದೆ, ಕೆಲವದರಲ್ಲಿ ತಯಾರಕರದ್ದೂ ಒಂದು ಇರುತ್ತದೆ. ಪ್ಲಾಟ್‌ಫಾರ್ಮ್ ಕೀ ಒಂದೇ ಇರಬಹುದು, `KEK` ಎಷ್ಟಾದರೂ ಇರಬಹುದು. ಹಾಗಾಗಿ ಮೈಕ್ರೋಸಾಫ್ಟ್ ತಯಾರಕರನ್ನು ಕೇಳದೆಯೇ ವಿಂಡೋಸ್ ಅಪ್‌ಡೇಟ್ ಮೂಲಕ ಅನುಮತಿ ಪಟ್ಟಿಗೆ ಹೊಸ ಹೆಸರು ಸೇರಿಸಬಲ್ಲದು, ನಿಷೇಧ ಪಟ್ಟಿಯನ್ನು ಉದ್ದ ಮಾಡಬಲ್ಲದು. ನನ್ನ ಅಭಿಪ್ರಾಯದಲ್ಲಿ ಸೆಕ್ಯೂರ್ ಬೂಟ್‌ನ ದಿನನಿತ್ಯದ ಅಧಿಕಾರ ಕೂತಿರುವುದು ಇಲ್ಲಿಯೇ. ಪ್ಲಾಟ್‌ಫಾರ್ಮ್ ಕೀ ಹೆಸರಿಗೆ ದೊಡ್ಡದು, ವರ್ಷಗಟ್ಟಲೆ ನಿದ್ದೆಯಲ್ಲಿರುತ್ತದೆ. ಅನುಮತಿ ಪಟ್ಟಿಯ ಬದಲಾವಣೆ ಆದ ಮೇಲೆ ವಿಂಡೋಸ್‌ನ ಪವರ್‌ಶೆಲ್‌ನಲ್ಲಿ ಅಡ್ಮಿನ್ ಆಗಿ ಹೀಗೆ ಕೇಳಿದರೆ `True` ಎಂಬ ಉತ್ತರ ಬರಬೇಕು:

```
[System.Text.Encoding]::ASCII.GetString((Get-SecureBootUEFI db).bytes) -match 'Windows UEFI CA 2023'
```

ಇಷ್ಟೇ ಆಗಿದ್ದರೆ ಕಥೆ `KEK`ಯಲ್ಲಿ ನಿಲ್ಲುತ್ತಿತ್ತು. ಆದರೆ 2011ರ ಸರ್ಟಿಫಿಕೇಟುಗಳಿಗೆ 15 ವರ್ಷದ ಆಯುಸ್ಸು. `KEK`ಯದಕ್ಕೂ ಬೇರೆಯವರ ಸಾಫ್ಟ್‌ವೇರಿಗೆ ಸಹಿ ಹಾಕುವುದಕ್ಕೂ ಅವಧಿ 2026ರ ಜೂನ್, ವಿಂಡೋಸ್‌ನದಕ್ಕೆ ಅದೇ ವರ್ಷದ ಅಕ್ಟೋಬರ್. ಇದನ್ನು ಓದಿದವರು ಮೊದಲು ಕೇಳುವ ಪ್ರಶ್ನೆ, ಆ ದಿನ ಯಂತ್ರಗಳೆಲ್ಲ ನಿಂತುಹೋಗುತ್ತವೆಯೇ ಎಂಬುದು. ಇಲ್ಲ. ಬೂಟ್ ಸಮಯದಲ್ಲಿ ಫರ್ಮ್‌ವೇರ್ ಸಾಮಾನ್ಯವಾಗಿ ಸರ್ಟಿಫಿಕೇಟಿನ ಅವಧಿ ನೋಡುವುದಿಲ್ಲ. ನೋಡುವುದಾದರೂ ಯಾವ ಗಡಿಯಾರ ನಂಬಿ? ಮದರ್‌ಬೋರ್ಡಿನ ಬ್ಯಾಟರಿ ಸತ್ತರೆ ಗಡಿಯಾರ ಎಲ್ಲಿಗೋ ಹೋಗಿ ಕೂರುತ್ತದೆ, ಸೆಟಪ್ಪಿನಲ್ಲಿ ಯಾರು ಬೇಕಾದರೂ ದಿನಾಂಕ ಬದಲಿಸಬಹುದು. ತೊಂದರೆ ಇರುವುದು ಬೇರೆ ಕಡೆ. ಅವಧಿ ಮುಗಿದ ಕೀಯಿಂದ ಮೈಕ್ರೋಸಾಫ್ಟ್ ಹೊಸ ಕಟ್ಟುಗಳಿಗೆ ಸಹಿ ಹಾಕುವುದಿಲ್ಲ. ಹೊಸ `KEK` ಇಲ್ಲದ ಯಂತ್ರ ಎಂದಿನಂತೆ ಬೂಟ್ ಆಗುತ್ತಲೇ ಇರುತ್ತದೆ, ಆದರೆ ಅದರ ಎರಡೂ ಪಟ್ಟಿಗಳು ಅಲ್ಲಿಗೇ ಹೆಪ್ಪುಗಟ್ಟುತ್ತವೆ. ಮುಂದೊಂದು ಬ್ಲ್ಯಾಕ್‌ಲೋಟಸ್ ಬಂದರೆ ಆ ಯಂತ್ರದ ನಿಷೇಧ ಪಟ್ಟಿಗೆ ಅದು ಸೇರುವುದಿಲ್ಲ.

ಹಾಗಾದರೆ `Microsoft Corporation KEK 2K CA 2023` ಎಂಬ ಹೊಸ ಸರ್ಟಿಫಿಕೇಟನ್ನು `KEK`ಗೆ ಸೇರಿಸಬೇಕು. `KEK` ತನ್ನನ್ನು ತಾನೇ ತಿದ್ದಿಕೊಳ್ಳಲಾರದು. ಅದರ ಮೇಲೆ ಬರೆಯಲು ಬೇಕಾದ ಸಹಿ ಪ್ಲಾಟ್‌ಫಾರ್ಮ್ ಕೀಯದು. ಆ ಖಾಸಗಿ ಕೀ ಇರುವುದು ಲ್ಯಾಪ್‌ಟಾಪ್ ಮಾಡಿದ ಕಂಪನಿಯ ತಿಜೋರಿಯಲ್ಲಿ. ಒಂದೊಂದು ಕಂಪನಿಯದು ಒಂದೊಂದು, ಒಂದೇ ಕಂಪನಿ ಬೇರೆ ಬೇರೆ ಮಾದರಿಗಳಿಗೆ ಬೇರೆ ಬೇರೆ ಕೀ ಇಟ್ಟಿರುವುದೂ ಉಂಟು. ಹೀಗಾಗಿ ತಯಾರಕರು ತಮ್ಮ ತಮ್ಮ ಪ್ಲಾಟ್‌ಫಾರ್ಮ್ ಕೀಯಿಂದ ಈ ಒಂದು ಸರ್ಟಿಫಿಕೇಟಿಗೆ ಸಹಿ ಹಾಕಿ ಮೈಕ್ರೋಸಾಫ್ಟ್‌ಗೆ ಕಳಿಸಬೇಕಾಯಿತು. ಮೈಕ್ರೋಸಾಫ್ಟ್ ಅವನ್ನೆಲ್ಲ ಒಟ್ಟುಮಾಡಿ, ಯಂತ್ರದಲ್ಲಿ ಯಾವ ಪ್ಲಾಟ್‌ಫಾರ್ಮ್ ಕೀ ಇದೆಯೆಂದು ನೋಡಿ ಅದಕ್ಕೆ ಹೊಂದುವ ಕಟ್ಟನ್ನು ಕೊಡುತ್ತದೆ. ದಶಕದ ಹಿಂದೆ ಬೋರ್ಡು ಮಾಡಿ ಈಗ ಅಂಗಡಿ ಮುಚ್ಚಿದ ಕಂಪನಿಯದಾದರೆ? ಕೀ ಎಲ್ಲಿಟ್ಟಿದ್ದರೆಂದು ಗೊತ್ತಿರುವ ಎಂಜಿನಿಯರ್ ಕೆಲಸ ಬಿಟ್ಟುಹೋಗಿದ್ದರೆ? ಅಂಥ ಯಂತ್ರಕ್ಕೆ ವಿಂಡೋಸ್ ಅಪ್‌ಡೇಟ್ ಮೂಲಕ ಹೊಸ `KEK` ಬರುವ ದಾರಿ ಇಲ್ಲ. ಮಾಲೀಕನೇ ಸೆಟಪ್ಪಿಗೆ ಹೋಗಿ ಕೈಯಾರೆ ಹಾಕಬೇಕು.

ಕೈಯಾರೆ ಹಾಕುವುದು ಸಾಧ್ಯವಾಗುವುದೂ ಪ್ಲಾಟ್‌ಫಾರ್ಮ್ ಕೀಯ ಒಂದು ವಿಶೇಷ ಗುಣದಿಂದ. ಅದು ಇದ್ದರೆ ಯಂತ್ರ ಯೂಸರ್ ಮೋಡ್‌ನಲ್ಲಿರುತ್ತದೆ, ಉಳಿದ ಮೂರನ್ನು ತಿದ್ದಲು ಸಹಿ ಬೇಕು. ಸೆಟಪ್ಪಿನಲ್ಲಿ ಅದನ್ನು ಅಳಿಸಿದರೆ ಯಂತ್ರ ಸೆಟಪ್ ಮೋಡ್‌ಗೆ ಇಳಿಯುತ್ತದೆ. ಆಗ ಸೆಕ್ಯೂರ್ ಬೂಟ್ ತಾನೇ ಆಫ್ ಆಗುತ್ತದೆ, ಉಳಿದವುಗಳಿಗೆ ಯಾರ ಸಹಿಯೂ ಇಲ್ಲದೆ ಏನು ಬೇಕಾದರೂ ಬರೆಯಬಹುದು. ಸ್ವಂತ ಕೀ ಹಾಕಿಕೊಳ್ಳುವವರು ಎರಡು ಪಟ್ಟಿಗಳನ್ನೂ `KEK`ಯನ್ನೂ ಮೊದಲು ಬರೆದು ಪ್ಲಾಟ್‌ಫಾರ್ಮ್ ಕೀಯನ್ನು ಕಡೆಗೆ ಹಾಕುವುದು ಇದಕ್ಕೇ. ಅದು ಬಿದ್ದ ಕ್ಷಣ ಬಾಗಿಲು ಮುಚ್ಚುತ್ತದೆ. ಯಂತ್ರದ ಎದುರು ಕೂತವರಿಗೆ ಇಷ್ಟು ಅಧಿಕಾರ ಇರುವುದರಿಂದ, ಸೆಟಪ್ಪಿಗೆ ಪಾಸ್‌ವರ್ಡ್ ಹಾಕದ ಆಫೀಸ್ ಕಂಪ್ಯೂಟರಿನಲ್ಲಿ ಈ ನಾಲ್ಕೂ ದಾಖಲೆಗಳು ದೂರದ ದಾಳಿಕೋರನನ್ನು ತಡೆಯುತ್ತವೆಯೇ ಹೊರತು ಪಕ್ಕದ ಕುರ್ಚಿಯವನನ್ನಲ್ಲ.

ಪ್ಲಾಟ್‌ಫಾರ್ಮ್ ಕೀ ನಿದ್ದೆಯಲ್ಲಿರುತ್ತದೆ ಎಂದೆ. ಅದರ ಜತೆ ತಯಾರಕರೂ ಎಷ್ಟು ಗಾಢವಾಗಿ ಮಲಗಿದ್ದರೆಂಬುದು 2024ರ ಜುಲೈಯಲ್ಲಿ ಬಯಲಾಯಿತು. ಫರ್ಮ್‌ವೇರ್ ಬರೆದು ಮದರ್‌ಬೋರ್ಡ್ ಕಂಪನಿಗಳಿಗೆ ಮಾರುವ ಎಎಮ್‌ಐ ತನ್ನ ಮಾದರಿ ಕೋಡಿನ ಜತೆ ಪರೀಕ್ಷೆಗೆಂದು ಒಂದು ಪ್ಲಾಟ್‌ಫಾರ್ಮ್ ಕೀ ಕೊಡುತ್ತಿತ್ತು. ತಯಾರಕರು ಅದನ್ನು ತೆಗೆದು ತಮ್ಮದನ್ನು ಹಾಕಿ ಮಾರುಕಟ್ಟೆಗೆ ಬಿಡಬೇಕು. ಮರೆಯದಿರಲೆಂದು ಸರ್ಟಿಫಿಕೇಟಿನ ಹೆಸರಿನಲ್ಲೇ `DO NOT TRUST` ಎಂದು ಬರೆದಿತ್ತು. ಅಷ್ಟಾದರೂ ಹೆಸರಾಂತ ಹಲವು ಕಂಪನಿಗಳ ನೂರಾರು ಮಾದರಿಗಳು ಅದೇ ಪರೀಕ್ಷಾ ಕೀ ಹೊತ್ತು ಅಂಗಡಿಗೆ ಬಂದಿದ್ದವು. ಇದನ್ನು ಬೈನಾರ್ಲಿ ಎಂಬ ಸಂಸ್ಥೆ ಪಿಕೆಫೇಲ್ ಎಂಬ ಹೆಸರಿನಲ್ಲಿ ಹೊರಗೆಡವಿತು. ಅದಕ್ಕಿಂತ ಕೆಟ್ಟ ಸಂಗತಿ, ಆ ಕೀಗಳಲ್ಲೊಂದರ ಖಾಸಗಿ ಭಾಗ ಸಾರ್ವಜನಿಕ ಗಿಟ್‌ಹಬ್ ಭಂಡಾರವೊಂದರಲ್ಲಿ ಬಿದ್ದಿತ್ತು. ಅದಕ್ಕಿದ್ದ ಕಾವಲು ನಾಲ್ಕಕ್ಷರದ ಪಾಸ್‌ವರ್ಡ್.

ಆ ಖಾಸಗಿ ಕೀ ಸಿಕ್ಕವನು ಏನು ಮಾಡಬಲ್ಲ ಎಂಬುದರಲ್ಲಿ ನಾಲ್ಕೂ ದಾಖಲೆಗಳ ಸಂಬಂಧ ತಾನೇ ಬಿಡಿಸಿಕೊಳ್ಳುತ್ತದೆ. ನೇರವಾಗಿ ತನ್ನ ಬೂಟ್‌ಕಿಟ್‌ಗೆ ಪ್ಲಾಟ್‌ಫಾರ್ಮ್ ಕೀಯಿಂದ ಸಹಿ ಹಾಕಿದರೆ ಕೆಲಸವಾಗದು, ಬೂಟ್ ವೇಳೆ ಅದನ್ನು ಯಾರೂ ಕೇಳುವುದಿಲ್ಲ. ಮೊದಲು ತನ್ನದೊಂದು ಹೊಸ `KEK` ತಯಾರಿಸಿ ಅದಕ್ಕೆ ಪ್ಲಾಟ್‌ಫಾರ್ಮ್ ಕೀಯಿಂದ ಸಹಿ ಹಾಕುತ್ತಾನೆ, ಫರ್ಮ್‌ವೇರ್ ಒಪ್ಪುತ್ತದೆ. ಆ `KEK`ಯಿಂದ ಸಹಿ ಹಾಕಿ ತನ್ನ ಸರ್ಟಿಫಿಕೇಟನ್ನು ಅನುಮತಿ ಪಟ್ಟಿಗೆ ಸೇರಿಸುತ್ತಾನೆ, ಬೇಕಾದರೆ ನಿಷೇಧ ಪಟ್ಟಿಯನ್ನೇ ಬದಲಿಸುತ್ತಾನೆ. ಆಮೇಲೆ ಬೂಟ್‌ಕಿಟ್. ಪ್ರತಿ ಹಂತದಲ್ಲೂ ಸಹಿ ಸರಿ, ನಿಯಮ ಸರಿ, ಸೆಕ್ಯೂರ್ ಬೂಟ್ ಆನ್. ಇದಕ್ಕೆ ಒಂದು ಷರತ್ತಿದೆ: ಈ ಕಟ್ಟುಗಳನ್ನು ಫರ್ಮ್‌ವೇರ್‌ಗೆ ಒಪ್ಪಿಸಲು ಆ ಕಂಪ್ಯೂಟರಿನಲ್ಲಿ ಮೊದಲೇ ಅಡ್ಮಿನ್ ಅಧಿಕಾರ ಗಿಟ್ಟಿಸಿರಬೇಕು. ಹೊರಗಿನಿಂದ ಒಳನುಗ್ಗುವ ದಾರಿ ಇದಲ್ಲ. ಆದರೆ ಒಮ್ಮೆ ನುಗ್ಗಿದವನು ಸೇರಿಸಿಟ್ಟ ಸರ್ಟಿಫಿಕೇಟ್, ಮಾಲೀಕ ಡಿಸ್ಕ್ ಅಳಿಸಿ ವಿಂಡೋಸ್ ಮತ್ತೆ ಹಾಕಿದರೂ ಫ್ಲ್ಯಾಶ್‌ನಲ್ಲಿ ಉಳಿದಿರುತ್ತದೆ.

ತಮ್ಮ ಯಂತ್ರದಲ್ಲಿ ಏನಿದೆ ಎಂದು ನೋಡಿಕೊಳ್ಳುವುದು ಕಷ್ಟವಲ್ಲ. ಲಿನಕ್ಸ್ ಇರುವವರಿಗೆ ಇಷ್ಟು ಸಾಕು:

```
mokutil --sb-state
efi-readvar -v PK
mokutil --kek
mokutil --db
```

ಎರಡನೇ ಸಾಲಿಗೆ ಉತ್ತರವಾಗಿ `DO NOT TRUST` ಅಥವಾ `DO NOT SHIP` ಕಂಡರೆ ತಯಾರಕರ ಫರ್ಮ್‌ವೇರ್ ಅಪ್‌ಡೇಟ್ ಬಂದಿದೆಯೇ ನೋಡಬೇಕು, ಬಂದಿಲ್ಲದಿದ್ದರೆ ಸ್ವಂತ ಪ್ಲಾಟ್‌ಫಾರ್ಮ್ ಕೀ ಹಾಕಿಕೊಳ್ಳಬಹುದು. ಮೂರನೆಯದರಲ್ಲಿ 2011ರ ಹೆಸರು ಮಾತ್ರ ಇದ್ದು 2023ರದು ಇಲ್ಲವಾದರೆ, ಆ ಯಂತ್ರದ ತಯಾರಕರ ಸಹಿ ಇನ್ನೂ ತಲುಪಿಲ್ಲ ಎಂದರ್ಥ.

ಬರೆಯುವ ಮುನ್ನ ಒಂದು ಎಚ್ಚರಿಕೆ ಬೇಕು. ಈ ನಾಲ್ಕೂ ದಾಖಲೆಗಳ ಅಳತೆಯನ್ನು ಪ್ರತಿ ಬೂಟ್‌ನಲ್ಲೂ ಟಿಪಿಎಂ ಚಿಪ್ 7ನೇ ಪಿಸಿಆರ್‌ನಲ್ಲಿ ದಾಖಲಿಸುತ್ತದೆ, ವಿಂಡೋಸ್‌ನ ಬಿಟ್‌ಲಾಕರ್ ಸಾಮಾನ್ಯವಾಗಿ ಆ ಅಳತೆಗೆ ತನ್ನ ಬೀಗ ಕಟ್ಟಿರುತ್ತದೆ. ವಿಂಡೋಸ್ ತಾನೇ ಪಟ್ಟಿ ತಿದ್ದುವಾಗ ಮುಂಚೆಯೇ ತಯಾರಿ ಮಾಡಿಕೊಳ್ಳುತ್ತದೆ. ಒಂದೇ ಲ್ಯಾಪ್‌ಟಾಪಿನಲ್ಲಿ ವಿಂಡೋಸ್, ಲಿನಕ್ಸ್ ಎರಡನ್ನೂ ಇಟ್ಟುಕೊಂಡವರು ಲಿನಕ್ಸ್ ಕಡೆಯಿಂದ `fwupdmgr` ಬಳಸಿ ನಿಷೇಧ ಪಟ್ಟಿ ಹೊಸದು ಮಾಡಿದರೆ, ಮುಂದಿನ ಸಲ ವಿಂಡೋಸ್ 48 ಅಂಕಿಯ ರಿಕವರಿ ಕೀ ಕೇಳಿ ನಿಲ್ಲಬಹುದು. ಆ ಸಲಕರಣೆಗೆ ಇನ್ನೊಂದು ಒಳ್ಳೆಯ ಅಭ್ಯಾಸವಿದೆ: ಹೊಸ ಪಟ್ಟಿ ಬರೆಯುವ ಮೊದಲು ಡಿಸ್ಕಿನ ಬೂಟ್ ಪಾರ್ಟಿಷನ್‌ನಲ್ಲಿರುವ ಫೈಲುಗಳನ್ನು ಅದರ ಜತೆ ತಾಳೆ ನೋಡಿ, ನಿಷೇಧಕ್ಕೆ ಒಳಗಾಗುವ ಬೂಟ್‌ಲೋಡರ್ ಅಲ್ಲಿದ್ದರೆ ಬರೆಯಲು ಒಪ್ಪುವುದಿಲ್ಲ. ಈ ಸೂಚನೆ ಬಂದರೆ ಒತ್ತಾಯದಿಂದ ಮುಂದುವರಿಸಬಾರದು, ಮೊದಲು ಶಿಮ್ ಮತ್ತು ಗ್ರಬ್ ಹೊಸದು ಮಾಡಬೇಕು.

ಕ್ರಮ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ವಿಂಡೋಸ್‌ನ 2023ರ ಬದಲಾವಣೆಯಲ್ಲೇ ಒಂದು ಉದಾಹರಣೆ ಇದೆ. ಅನುಮತಿ ಪಟ್ಟಿಗೆ ಹೊಸ ಸರ್ಟಿಫಿಕೇಟ್ ಸೇರಿತು, ಅದರಿಂದ ಸಹಿ ಪಡೆದ ಹೊಸ ಬೂಟ್ ಮ್ಯಾನೇಜರ್ ಡಿಸ್ಕಿಗೆ ಬಂತು, ಎಲ್ಲ ಚೆನ್ನಾಗಿದೆ ಎಂದುಕೊಳ್ಳಿ. ಆಮೇಲೆ ಯಾರೋ ಸೆಟಪ್ಪಿಗೆ ಹೋಗಿ ಸೆಕ್ಯೂರ್ ಬೂಟ್ ಕೀಗಳನ್ನು ಫ್ಯಾಕ್ಟರಿ ಸ್ಥಿತಿಗೆ ಮರಳಿಸುತ್ತಾರೆ. ಫರ್ಮ್‌ವೇರ್ ತನ್ನೊಳಗೆ ತಯಾರಿಕೆಯ ದಿನದ ನಾಲ್ಕೂ ದಾಖಲೆಗಳ ಪ್ರತಿ ಇಟ್ಟುಕೊಂಡಿರುತ್ತದೆ, ಅದನ್ನೇ ತಂದು ಬರೆಯುತ್ತದೆ. ಹಳೆಯ ಯಂತ್ರವಾದರೆ ಆ ಅನುಮತಿ ಪಟ್ಟಿಯಲ್ಲಿ 2011 ಮಾತ್ರ. ಡಿಸ್ಕಿನಲ್ಲಿರುವ ಬೂಟ್ ಮ್ಯಾನೇಜರ್ 2023ರದು. ಸೆಕ್ಯೂರ್ ಬೂಟ್ ಉಲ್ಲಂಘನೆ ಎಂಬ ಸಂದೇಶ ತೋರಿಸಿ ಯಂತ್ರ ನಿಲ್ಲುತ್ತದೆ, ಜತೆಗೆ ನಿಷೇಧ ಪಟ್ಟಿಯೂ ವರ್ಷಗಳಷ್ಟು ಹಿಂದಕ್ಕೆ ಹೋಗಿರುತ್ತದೆ.

ಇದಕ್ಕೆ ಮೈಕ್ರೋಸಾಫ್ಟ್ ಕೊಟ್ಟ ಪರಿಹಾರ `securebootrecovery.efi` ಎಂಬ ಪುಟ್ಟ ಪ್ರೋಗ್ರಾಂ. ಸರಿಯಾಗಿ ಓಡುತ್ತಿರುವ ಬೇರೊಂದು ವಿಂಡೋಸ್‌ನ `C:\Windows\Boot\EFI` ಫೋಲ್ಡರಿನಿಂದ ಅದನ್ನು ತೆಗೆದು, ಎಫ್‌ಎಟಿ32 ಮಾಡಿದ ಪೆನ್‌ಡ್ರೈವಿನಲ್ಲಿ `\EFI\BOOT\bootx64.efi` ಎಂಬ ಹೆಸರಿನಲ್ಲಿ ಇಟ್ಟು, ನಿಂತ ಯಂತ್ರವನ್ನು ಅದರಿಂದ ಬೂಟ್ ಮಾಡಬೇಕು. ಅದು ಹೊಸ ಸರ್ಟಿಫಿಕೇಟನ್ನು ಅನುಮತಿ ಪಟ್ಟಿಗೆ ಮತ್ತೆ ಸೇರಿಸುತ್ತದೆ. ಈ ಉಪಾಯ ನಡೆಯುವುದು ಫ್ಯಾಕ್ಟರಿಯ ಪಟ್ಟಿ ಹಳೆಯ ಸಹಿಯನ್ನು ಇನ್ನೂ ಒಪ್ಪುವುದರಿಂದ, ಫ್ಯಾಕ್ಟರಿಯ `KEK` ಮೈಕ್ರೋಸಾಫ್ಟ್‌ನ ಹಳೆಯ ಕಟ್ಟನ್ನು ಇನ್ನೂ ಗುರುತಿಸುವುದರಿಂದ. ಕೆಲಸ ಮುಗಿದ ಮೇಲೆ ಪೆನ್‌ಡ್ರೈವ್ ತೆಗೆದು ಯಂತ್ರ ಮತ್ತೆ ಶುರು ಮಾಡಬೇಕು, ಬಿಟ್‌ಲಾಕರ್ ಇದ್ದರೆ ರಿಕವರಿ ಕೀಯನ್ನು ಕೈಗೆ ಸಿಗುವಂತೆ ಇಟ್ಟುಕೊಂಡಿರಬೇಕು.